ಬುಗುರಿಯ ಬಣ್ಣದಿಂದ ಮೆದುಳಿನ ಚಿತ್ರದವರೆಗೆ

ಸುಮಾರು ಕ್ರಿ.ಶ. 965ರಲ್ಲಿ ಬಸರಾದಲ್ಲಿ ಜನಿಸಿ ಕೈರೋದಲ್ಲಿ ನೆಲೆಸಿದ ಇಬ್ನುಲ್ ಹೈಸಮ್ ತಮ್ಮ ‘ಕಿತಾಬುಲ್ ಮನಾಝಿರ್’ ಗ್ರಂಥದಲ್ಲಿ ಒಂದು ಬುಗುರಿಯನ್ನು ವರ್ಣಿಸಿದ್ದಾರೆ. ಅದರ ಮೇಲೆ ಬೇರೆ ಬೇರೆ ಬಣ್ಣದ ಗೆರೆಗಳಿವೆ. ವೇಗವಾಗಿ ತಿರುಗಿದಾಗ ಆ ಗೆರೆಗಳು ಕಾಣಿಸದಾಗಿ, ಅವುಗಳಲ್ಲಿ ಯಾವುದನ್ನೂ ಹೋಲದ ಒಂದೇ ಬಣ್ಣ ತೋರುತ್ತದೆ. ಬಣ್ಣವನ್ನು ಗ್ರಹಿಸಲು ಕಾಲ ಬೇಕೆಂದು ಅವರು ಇದರಿಂದ ನಿರ್ಣಯಿಸಿದರು. ಕಣ್ಣು ಬೆಳಕನ್ನು ಸ್ವೀಕರಿಸುತ್ತದೆ, ಆದರೆ ನೋಟವು ಪೂರ್ಣಗೊಳ್ಳುವುದು ಮೆದುಳಿನಲ್ಲಿ ಎಂಬುದು ಅವರ ನಿಲುವಾಗಿತ್ತು. ಮೆದುಳಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ತಿಳಿಯಲು ಮನುಷ್ಯನಿಗೆ ಇನ್ನೂ ಒಂಬತ್ತು ಶತಮಾನಗಳು ಬೇಕಾದವು.

1850ರ ದಶಕದಲ್ಲಿ ಸ್ಕಾಟ್ಲೆಂಡಿನ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಬುಗುರಿಯನ್ನೇ ಅಳತೆಯ ಸಾಧನವನ್ನಾಗಿ ಮಾಡಿದರು. ಹೊರಸುತ್ತಿನಲ್ಲಿ ಮೂರು ಬಣ್ಣದ ಕಾಗದಗಳು, ಒಳಸುತ್ತಿನಲ್ಲಿ ಕಪ್ಪು-ಬಿಳಿ ಕಾಗದಗಳು. ಮೂರು ಬಣ್ಣಗಳ ಪ್ರಮಾಣವನ್ನು ಹೊಂದಿಸುತ್ತ ಹೋದಂತೆ ಎರಡೂ ಸುತ್ತುಗಳು ಒಂದೇ ಬೂದುಬಣ್ಣವಾಗಿ ಕಾಣುವ ಹಂತ ಬರುತ್ತಿತ್ತು. ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿವೆ ಎಂದು ಥಾಮಸ್ ಯಂಗ್ 1802ರಲ್ಲಿ ಮಂಡಿಸಿದ್ದ ಊಹೆಗೆ ಇದರಿಂದ ಬಲ ಬಂತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ ಅದನ್ನು ಸಿದ್ಧಾಂತವಾಗಿ ಬೆಳೆಸಿದರು.

1870ರ ದಶಕದಲ್ಲಿ ಪ್ರಾಗ್ ನಗರದಲ್ಲಿದ್ದ ಎವಾಲ್ಡ್ ಹೆರಿಂಗ್ ಇದನ್ನು ಒಪ್ಪಲಿಲ್ಲ. ಅವರ ಆಕ್ಷೇಪ ಸರಳವಾಗಿತ್ತು. ಕೆಂಪು ಛಾಯೆಯ ಹಳದಿಯನ್ನೂ ಹಸಿರು ಛಾಯೆಯ ನೀಲಿಯನ್ನೂ ನಾವು ಕಾಣುತ್ತೇವೆ. ಆದರೆ ಕೆಂಪು ಛಾಯೆಯ ಹಸಿರನ್ನಾಗಲಿ, ಹಳದಿ ಛಾಯೆಯ ನೀಲಿಯನ್ನಾಗಲಿ ಯಾರೂ ಕಂಡಿಲ್ಲ. ಆದುದರಿಂದ ಕೆಂಪು-ಹಸಿರು ಒಂದು ಜೋಡಿ, ಹಳದಿ-ನೀಲಿ ಇನ್ನೊಂದು ಜೋಡಿ. ಜೋಡಿಯೊಳಗಿನ ಬಣ್ಣಗಳು ಪರಸ್ಪರ ವಿರೋಧಿಗಳು ಎಂದು ಅವರು ವಾದಿಸಿದರು. ಮೂರೋ ನಾಲ್ಕೋ ಎಂಬ ಈ ವಿವಾದ ದಶಕಗಳ ಕಾಲ ಮುಂದುವರಿಯಿತು.

ಇಬ್ಬರ ಮಾತೂ ನಿಜ, ಆದರೆ ಬೇರೆ ಬೇರೆ ಹಂತಗಳಲ್ಲಿ ಎಂಬುದು ಇಪ್ಪತ್ತನೆಯ ಶತಮಾನದಲ್ಲಿ ಸ್ಪಷ್ಟವಾಯಿತು. ಅಕ್ಷಿಪಟದಲ್ಲಿ ಬಣ್ಣದ ನೋಟಕ್ಕೆ ಮೂರು ಬಗೆಯ ಶಂಕುಕೋಶಗಳಿವೆ. ಅವು ಸುಮಾರು 420, 530 ಮತ್ತು 560 ನ್ಯಾನೋಮೀಟರ್ ತರಂಗಾಂತರದ ಬೆಳಕಿಗೆ ಹೆಚ್ಚು ಸ್ಪಂದಿಸುತ್ತವೆ. ಇವನ್ನು ಹ್ರಸ್ವ, ಮಧ್ಯಮ, ದೀರ್ಘ ಎಂದು ಕರೆಯೋಣ. ಮುಂದಿನ ನರಕೋಶಗಳು ಇವುಗಳ ಸಂಕೇತಗಳನ್ನು ಹೋಲಿಸುತ್ತವೆ. ಒಂದು ಹೋಲಿಕೆ ದೀರ್ಘ ಮತ್ತು ಮಧ್ಯಮಗಳ ನಡುವೆ. ಇನ್ನೊಂದು, ಆ ಎರಡರ ಮೊತ್ತ ಮತ್ತು ಹ್ರಸ್ವದ ನಡುವೆ.

ಮಾಗಿದ ನಿಂಬೆಹಣ್ಣನ್ನು ತೆಗೆದುಕೊಳ್ಳೋಣ. ಅದರಿಂದ ಬರುವ ಬೆಳಕು ದೀರ್ಘ ಮತ್ತು ಮಧ್ಯಮ ಕೋಶಗಳನ್ನು ಹೆಚ್ಚುಕಡಿಮೆ ಸಮವಾಗಿ ಪ್ರಚೋದಿಸುತ್ತದೆ, ಹ್ರಸ್ವವನ್ನು ಅಲ್ಪವಾಗಿ. ಮೊದಲ ಹೋಲಿಕೆಯಲ್ಲಿ ತಕ್ಕಡಿ ಸಮನಾಗಿ ನಿಲ್ಲುತ್ತದೆ: ಕೆಂಪೂ ಇಲ್ಲ, ಹಸಿರೂ ಇಲ್ಲ. ಎರಡನೆಯದು ಒಂದೇ ಕಡೆಗೆ ವಾಲುತ್ತದೆ: ಹಳದಿ. ತಕ್ಕಡಿಯೊಂದು ಏಕಕಾಲಕ್ಕೆ ಎರಡೂ ಕಡೆ ವಾಲಲಾರದು. ಆದುದರಿಂದಲೇ ಕೆಂಪು ಛಾಯೆಯ ಹಸಿರಿಲ್ಲ. ಕೆಂಪು ಕಾಗದವನ್ನು ಅರ್ಧ ನಿಮಿಷ ದಿಟ್ಟಿಸಿ ಬಿಳಿ ಗೋಡೆಯನ್ನು ನೋಡಿದರೆ ನೀಲಿಮಿಶ್ರಿತ ಹಸಿರು ಕಾಣುವುದೂ, ಬಳಲಿದ ಕಡೆಯಿಂದ ತಕ್ಕಡಿ ಎದುರು ಕಡೆಗೆ ವಾಲುವುದರಿಂದ. 1960ರ ದಶಕದಲ್ಲಿ ರಸೆಲ್ ಡಿ ವಲೋಯಿಸ್ ಕೋತಿಗಳ ಮೆದುಳಿನ ಥಲಾಮಸ್‌ನಲ್ಲಿ, ಒಂದು ಬಣ್ಣಕ್ಕೆ ಚುರುಕಾಗಿ ವಿರೋಧಿ ಬಣ್ಣಕ್ಕೆ ಮಂದವಾಗುವ ಕೋಶಗಳನ್ನು ದಾಖಲಿಸಿದರು.

ಆದರೆ ಬಣ್ಣವೊಂದೇ ಚಿತ್ರವಲ್ಲ. 1958ರಲ್ಲಿ ಅಮೆರಿಕದಲ್ಲಿ ಡೇವಿಡ್ ಹ್ಯೂಬೆಲ್ ಮತ್ತು ಟಾರ್ಸ್ಟನ್ ವೀಸೆಲ್ ಬೆಕ್ಕಿನ ಮೆದುಳಿನ ದೃಷ್ಟಿಭಾಗದ ಒಂದು ಕೋಶಕ್ಕೆ ಚುಕ್ಕೆಗಳನ್ನು ತೋರಿಸುತ್ತಿದ್ದರು. ಕೋಶ ಸ್ಪಂದಿಸಲಿಲ್ಲ. ಗಾಜಿನ ಫಲಕವನ್ನು ಯಂತ್ರಕ್ಕೆ ತೂರಿಸುವಾಗ ಅದರ ಅಂಚಿನ ನೆರಳು ಪರದೆಯ ಮೇಲೆ ಸರಿಯಿತು. ಕೋಶ ಒಮ್ಮೆಲೇ ಚುರುಕಾಯಿತು. ಅದಕ್ಕೆ ಬೇಕಾಗಿದ್ದುದು ನಿರ್ದಿಷ್ಟ ಕೋನದ ಗೆರೆ. ಚುಕ್ಕೆಗಳಿಗೆ ಸ್ಪಂದಿಸುವ ಹಲವು ಕೋಶಗಳು ಸಾಲಾಗಿ ಒಂದೇ ಕೋಶಕ್ಕೆ ಸಂಕೇತ ಕಳುಹಿಸಿದರೆ ಅದು ಗೆರೆಯನ್ನು ಗುರುತಿಸಬಲ್ಲದು ಎಂದು ಅವರು ವಿವರಿಸಿದರು. ಅದೇ ಭಾಗದ ಇನ್ನು ಕೆಲವು ಕೋಶಗಳು ಒಂದು ಸ್ಥಳದ ಬಣ್ಣವನ್ನು ಅದರ ನೆರೆಯ ಬಣ್ಣದೊಡನೆ ಹೋಲಿಸುತ್ತವೆ. ಹಳದಿ ದೀಪದಡಿಯಲ್ಲೂ ಬಿಳಿ ಅಂಗಿ ಬಿಳಿಯಾಗಿಯೇ ತೋರಲು ಇಂತಹ ಹೋಲಿಕೆ ನೆರವಾಗುತ್ತದೆ.

ಈ ಕಟ್ಟಡದ ಒಂದು ಭಾಗ ಕುಸಿದರೆ ಏನಾದೀತು? 1888ರಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯ ಲೂಯಿ ವೆರ್ರೆ ಪಾರ್ಶ್ವವಾಯುವಿಗೆ ತುತ್ತಾದ ಒಬ್ಬ ಮಹಿಳೆಯ ವಿಷಯ ಬರೆದರು. ಆಕೆಗೆ ಬಲಭಾಗದ ನೋಟದಲ್ಲಿ ಬಣ್ಣಗಳೇ ಇಲ್ಲವಾಗಿದ್ದವು. ಕೆಟ್ಟದ್ದು ಕಣ್ಣಲ್ಲ, ಮೆದುಳಿನ ಎಡ ಹಿಂಭಾಗದ ಕೆಳ ಅಂಚು. ಶಂಕುಕೋಶದ ದೋಷವಾಗಿದ್ದರೆ ನೋಟದ ಒಂದು ಪಾರ್ಶ್ವ ಮಾತ್ರ ಹೀಗೆ ಬಣ್ಣಗೆಡುತ್ತಿರಲಿಲ್ಲ. ಆದರೂ ಮೆದುಳಿನಲ್ಲಿ ಬಣ್ಣಕ್ಕೆ ವಿಶೇಷ ಸ್ಥಾನವಿದೆಯೆಂಬುದನ್ನು ಅನೇಕ ತಜ್ಞರು ಬಹುಕಾಲ ಒಪ್ಪಲಿಲ್ಲ. 1970ರ ದಶಕದಲ್ಲಿ ಸೆಮಿರ್ ಝೆಕಿ ಅವರು ಕೋತಿಗಳ ಮೆದುಳಿನಲ್ಲಿ ನಡೆಸಿದ ಶೋಧನೆಗಳ ನಂತರವೇ ಆ ವಿಚಾರಕ್ಕೆ ಮರುಜೀವ ಬಂತು.

ಒಂದು ಗಂಟು ಇನ್ನೂ ಬಿಡಿಸಿಲ್ಲ. ಥಲಾಮಸ್‌ನ ಕೋಶಗಳ ಜೋಡಿಗಳು ಹೆರಿಂಗ್ ಹೇಳಿದ ಶುದ್ಧ ಕೆಂಪು, ಹಸಿರು, ಹಳದಿ, ನೀಲಿಗಳಿಗೆ ಪೂರ್ತಿ ಹೊಂದುವುದಿಲ್ಲ. ಆ ನಾಲ್ಕು ಬಣ್ಣಗಳು ಮೆದುಳಿನಲ್ಲಿ ಎಲ್ಲಿ ರೂಪುಗೊಳ್ಳುತ್ತವೆ ಎಂಬ ಪ್ರಶ್ನೆ ಇಂದಿಗೂ ತೆರೆದೇ ಇದೆ.