ಅರ್ಜಿ ಹಾಕಬೇಕೆ, ಬೇಡವೆ: ಜಾಹೀರಾತಿಗೂ ಸಿ.ವಿ.ಗೂ ನಡುವಿನ ಅಂತರದ ಲೆಕ್ಕ

ದೋಹಾ ನಗರದ ನೈರುತ್ಯಕ್ಕೆ, ಸಾಲ್ವಾ ರಸ್ತೆಯ ಬದಿಯಲ್ಲಿ ಹರಡಿರುವ ಇಂಡಸ್ಟ್ರಿಯಲ್ ಏರಿಯಾದಲ್ಲಿ ಬೀದಿಗಳಿಗೆ ಹೆಸರಿಲ್ಲ, ಸಂಖ್ಯೆಗಳಿವೆ. ಗ್ಯಾರೇಜು, ಗೋದಾಮು, ವರ್ಕ್‌ಶಾಪುಗಳ ನಡುವೆ ಕಾರ್ಮಿಕರ ವಸತಿಗಳು. ವಾರದಲ್ಲಿ ಆರು ದಿನ ದುಡಿಯುವ ಇಲ್ಲಿನವರಿಗೆ ಹೊಸ ಕೆಲಸ ಹುಡುಕಲು ಸಿಗುವುದು ಶುಕ್ರವಾರ ಒಂದೇ. ಆ ಒಂದು ದಿನದಲ್ಲಿ ಮನಸ್ಸಿಟ್ಟು ಸಿದ್ಧಪಡಿಸಬಹುದಾದ ಅರ್ಜಿಗಳು ಒಂದೋ ಎರಡೋ. ಆದುದರಿಂದ ಯಾವ ಜಾಹೀರಾತಿಗೆ ಆ ಸಮಯವನ್ನು ಕೊಡಬೇಕು ಎಂಬುದೇ ಮೊದಲ ಪ್ರಶ್ನೆ.

ಇಲ್ಲಿನ ನಿರ್ವಹಣಾ ವಿಭಾಗವೊಂದರಲ್ಲಿ ಹಲವು ವರ್ಷ ಕೆಲಸ ಮಾಡಿದ ನನ್ನ ಬಳಿಗೆ, ಕುಂದಾಪುರ ಕಡೆಯ ಕಿರಿಯ ಗೆಳೆಯನೊಬ್ಬ ಫೋನು ಹಿಡಿದುಕೊಂಡು ಬಂದಿದ್ದ. ಮೆಕ್ಯಾನಿಕಲ್ ಡಿಪ್ಲೊಮಾ ಓದಿದವನು. ಹವಾನಿಯಂತ್ರಣದ ಕೆಲಸದಲ್ಲಿ ಆರು ವರ್ಷದ ಅನುಭವ, ಅದರಲ್ಲಿ ನಾಲ್ಕು ವರ್ಷ ಕತಾರಿನ ಈಗಿನ ಕಂಪನಿಯಲ್ಲಿ. ಅವನಿದ್ದ ಪ್ರಾಜೆಕ್ಟ್ ಮುಗಿಯುತ್ತ ಬಂದಿತ್ತು. ಒಂದೇ ಸಿ.ವಿ.ಯನ್ನು ಸಿಕ್ಕಸಿಕ್ಕ ಜಾಹೀರಾತಿಗೆಲ್ಲ ಕಳುಹಿಸಿ, ಒಂದು ಕರೆಯೂ ಬಾರದೆ ಸೋತಿದ್ದ. "ಅಣ್ಣ, ಇದಕ್ಕೆ ಹಾಕೂದಾ, ಬ್ಯಾಡ್ದಾ?" ಎಂದು ಕೇಳಿದ. ಹವಾನಿಯಂತ್ರಣ ನಿರ್ವಹಣೆಯ ಸೂಪರ್‌ವೈಸರ್ ಹುದ್ದೆಯ ಜಾಹೀರಾತು ಅದು. ಅಂದು ನಾವು ಕಾಗದದ ಮೇಲೆ ಮಾಡಿದ ಲೆಕ್ಕವನ್ನೇ ಇಲ್ಲಿ ವಿವರಿಸುತ್ತೇನೆ.

ಮೊದಲು ಬಾಗಿಲು, ಆಮೇಲೆ ಅಂಕ

ಜಾಹೀರಾತಿನ ಎಲ್ಲ ಸಾಲುಗಳೂ ಒಂದೇ ಬಗೆಯವಲ್ಲ. ಕೆಲವು ಆಸೆಯ ಪಟ್ಟಿ, ಕೆಲವು ಬಾಗಿಲು. ಬಾಗಿಲು ಮುಚ್ಚಿದ್ದರೆ ಉಳಿದ ಅಂಕಗಳೆಷ್ಟಿದ್ದರೂ ಫಲವಿಲ್ಲ. 2014ರಲ್ಲಿ ಟಾರಾ ಮೋರ್ ಎಂಬ ಲೇಖಕಿ ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ, ಜನ ಅರ್ಜಿ ಹಾಕದೆ ಉಳಿಯುವುದೇಕೆಂದು ವಿಚಾರಿಸಿ ಬರೆದಿದ್ದರು. ಆತ್ಮವಿಶ್ವಾಸದ ಕೊರತೆಗಿಂತಲೂ, ಬರೆದಿರುವ ಅರ್ಹತೆಗಳೆಲ್ಲ ನಿಜಕ್ಕೂ ಕಡ್ಡಾಯವೆಂದು ನಂಬಿರುವುದೇ ಮುಖ್ಯ ಕಾರಣವೆಂದು ಅವರಿಗೆ ಕಂಡಿತು. ಆ ಮಾತು ನಿಜ. ಆದರೆ ಅವರು ವಿಚಾರಿಸಿದ್ದು ಹೆಚ್ಚಾಗಿ ಅಮೆರಿಕದವರನ್ನು. ಕೊಲ್ಲಿಯ ದೇಶಗಳಲ್ಲಿ ಕೆಲವು ಸಾಲುಗಳ ಹಿಂದೆ ಕಾನೂನೇ ನಿಂತಿರುತ್ತದೆ.

ಉದಾಹರಣೆಗೆ, ಕತಾರಿನ ಜಾಹೀರಾತುಗಳಲ್ಲಿ 'ಯು.ಪಿ.ಡಿ.ಎ.' ಎಂದಿದ್ದರೆ ಅದು ಇಂಜಿನಿಯರುಗಳ ಸರ್ಕಾರಿ ನೋಂದಣಿ. ಗೆಳೆಯ ತೋರಿಸಿದ ಇನ್ನೊಂದು ಜಾಹೀರಾತು ಅದನ್ನು ಕೇಳುತ್ತಿತ್ತು. ಕೆಲಸದ ವಿವರವೆಲ್ಲ ಅವನಿಗೆ ಹೊಂದುತ್ತಿತ್ತು. ಅಂಕ ಹಾಕಿದ್ದರೆ ಬಹಳ ಬರುತ್ತಿತ್ತು. ಆದರೆ ಅವನಲ್ಲಿ ಪದವಿಯೂ ಇಲ್ಲ, ನೋಂದಣಿಯೂ ಇಲ್ಲ. ಅದನ್ನು ಅಲ್ಲಿಯೇ ಬಿಟ್ಟೆವು.

ಸೂಪರ್‌ವೈಸರ್ ಜಾಹೀರಾತಿನಲ್ಲಿ ನಾಲ್ಕು ಬಾಗಿಲುಗಳಿದ್ದವು. ಡಿಪ್ಲೊಮಾ ಇತ್ತು. ಕತಾರಿನ ಚಾಲನಾ ಪರವಾನಗಿ ಇತ್ತು. ಮೂರನೆಯದು 'ಎನ್.ಒ.ಸಿ.', ಅಂದರೆ ಹಳೆಯ ಮಾಲೀಕನ ಒಪ್ಪಿಗೆ ಪತ್ರ. 2020ರ ಕಾನೂನು ತಿದ್ದುಪಡಿಯ ನಂತರ ಕೆಲಸ ಬದಲಿಸಲು ಆ ಪತ್ರ ಬೇಕಿಲ್ಲ. ಜಾಹೀರಾತುಗಳಲ್ಲಿ ಹಳೆಯ ಅಭ್ಯಾಸದಿಂದ ಆ ಸಾಲು ಉಳಿದುಕೊಂಡಿದೆ. ನಾಲ್ಕನೆಯದು 'ತಕ್ಷಣ ಸೇರಬೇಕು'. ನೋಡಲು ಸಣ್ಣದಾದ ಈ ಸಾಲೇ ನಿಜವಾದ ಬಾಗಿಲು. ಅದೇ ತಿದ್ದುಪಡಿಯ ಪ್ರಕಾರ, ಒಬ್ಬ ಮಾಲೀಕನ ಬಳಿ ಎರಡು ವರ್ಷಕ್ಕಿಂತ ಹೆಚ್ಚು ದುಡಿದವನು ಎರಡು ತಿಂಗಳ ನೋಟೀಸು ಕೊಡಬೇಕು. ಅದಕ್ಕಿಂತ ಕಡಿಮೆಯಾದರೆ ಒಂದು ತಿಂಗಳು. ಇಂಥ ಅರೆಮುಚ್ಚಿದ ಬಾಗಿಲಿಗೆ ಊಹೆಯಿಂದ ಅಂಕ ಹಾಕಬಾರದು, ಫೋನು ಮಾಡಿ ಕೇಳಬೇಕು. ಕೇಳಿದೆವು, ಎರಡು ತಿಂಗಳು ಕಾಯಬಹುದೆಂದರು.

ತೂಕ ಮತ್ತು ಹೊಂದಿಕೆ

ಉಳಿದ ಸಾಲುಗಳಿಗೆ ತೂಕ ಕೊಡಬೇಕು. ಹುದ್ದೆಯ ಹೆಸರಿನಲ್ಲೇ ಬಂದದ್ದಕ್ಕೆ, ಮೊದಲ ಸಾಲುಗಳಲ್ಲಿರುವುದಕ್ಕೆ ಅಥವಾ ಮತ್ತೆ ಮತ್ತೆ ಹೇಳಿದ್ದಕ್ಕೆ 3. ಒಮ್ಮೆ ಮಾತ್ರ ಹೇಳಿದ್ದಕ್ಕೆ 2. 'ಇದ್ದರೆ ಒಳ್ಳೆಯದು' ಎಂದಿರುವುದಕ್ಕೆ 1. ಒಂದೇ ಕೌಶಲ ಎರಡು ಸಾಲುಗಳಲ್ಲಿ ಬಂದಿದ್ದರೆ ಅದನ್ನು ಒಂದಾಗಿಯೇ ಎಣಿಸಬೇಕು. ಬಳಿಕ ಹೊಂದಿಕೆ: ಮಾಡಿದ್ದೇನೆ, ಕೇಳಿದರೆ ಉದಾಹರಣೆ ಕೊಡಬಲ್ಲೆ ಎಂದಾದರೆ ಪೂರ್ತಿ ತೂಕ, ಸ್ವಲ್ಪ ಅಥವಾ ಅದನ್ನೇ ಹೋಲುವ ಕೆಲಸ ಮಾಡಿದ್ದರೆ ಅರ್ಧ, ಇಲ್ಲವಾದರೆ ಸೊನ್ನೆ.

ನಮ್ಮ ಪಟ್ಟಿಯಲ್ಲಿ 3ರ ತೂಕದವು ಮೂರು: ಐದು ವರ್ಷದ ಚಿಲ್ಲರ್ ನಿರ್ವಹಣೆ, ಕೆಲಸಗಾರರ ಮೇಲ್ವಿಚಾರಣೆ, ಗ್ಯಾಸ್ ತುಂಬುವುದು ಮತ್ತು ಸೋರಿಕೆ ಪತ್ತೆ. 2ರ ತೂಕದವೂ ಮೂರು: ನಿರ್ವಹಣಾ ಕೆಲಸಗಳನ್ನು ದಾಖಲಿಸುವ ಸಾಫ್ಟ್‌ವೇರ್, ಕಟ್ಟಡದ ಯಂತ್ರಗಳನ್ನು ಕಂಪ್ಯೂಟರಿನಿಂದ ನಿಯಂತ್ರಿಸುವ ಬಿ.ಎಂ.ಎಸ್., ಇಂಗ್ಲಿಷ್ ವರದಿ. ಅರಬ್ಬಿ ಭಾಷೆಗೆ 1. ಒಟ್ಟು 16.

ಇಲ್ಲಿ ಒಂದು ಎಚ್ಚರ ಬೇಕು. ಅಂಕಗಳನ್ನು ಎರಡು ಸಾಲಾಗಿ ಬರೆಯಬೇಕು: ಒಂದು ಸಿ.ವಿ.ಗೆ, ಇನ್ನೊಂದು ಮನುಷ್ಯನಿಗೆ. ಆಯ್ಕೆಗಾರನ ಮುಂದಿರುವುದು ಕಾಗದವೇ ಹೊರತು ಮನುಷ್ಯನಲ್ಲ.

ಗೆಳೆಯನ ಸಿ.ವಿ.ಯಲ್ಲಿ ಗ್ಯಾಸಿನ ಕೆಲಸ ಸ್ಪಷ್ಟವಾಗಿತ್ತು: 3. ಹುದ್ದೆ 'ಟೆಕ್ನಿಷಿಯನ್' ಎಂದೂ ಒಂದೆಡೆ 'ತಂಡದೊಡನೆ ಕೆಲಸ' ಎಂದೂ ಇತ್ತು. ಮೇಲ್ವಿಚಾರಣೆಗೆ ಅರ್ಧ, 1.5. ಮಿಕ್ಕ ಯಾವುದರ ಸುಳಿವೂ ಇರಲಿಲ್ಲ. ಒಟ್ಟು 4.5, ಅಂದರೆ ಶೇಕಡಾ 28.

ಆಮೇಲೆ ಅವನನ್ನೇ ಕೇಳಿದೆ. ಮೂರು ವರ್ಷದಿಂದ ಆರು ಜನರ ಕೆಲಸ ಹಂಚಿ, ಹಾಜರಿ ಬರೆಯುವವನು ಅವನೇ: 3. ಎರಡು ವರ್ಷ ಚಿಲ್ಲರ್‌ಗಳ ಕಂಡೆನ್ಸರ್ ಕೊಳವೆ ಶುಚಿ ಮಾಡಿದ್ದಾನೆ. ಕೇಳಿದ್ದು ಐದು ವರ್ಷವಾದ್ದರಿಂದ ಅರ್ಧ, 1.5. ದಾಖಲೆಯ ಸಾಫ್ಟ್‌ವೇರನ್ನು ಆರು ತಿಂಗಳು ಮೊಬೈಲಿನಲ್ಲಿ ಬಳಸಿದ್ದಾನೆ: 1. ದಿನದ ವರದಿಯನ್ನು ಇಂಗ್ಲಿಷಿನಲ್ಲೇ ಬರೆಯುತ್ತಾನೆ: 2. ಬಿ.ಎಂ.ಎಸ್. ಮತ್ತು ಅರಬ್ಬಿ ಸೊನ್ನೆ. ಗ್ಯಾಸಿನ 3 ಸೇರಿ 10.5, ಅಂದರೆ ಶೇಕಡಾ 66.

ಅಂಕ ಏನು ಹೇಳುತ್ತದೆ

28ಕ್ಕೂ 66ಕ್ಕೂ ನಡುವಿನ ಅಂತರ ಬರವಣಿಗೆಯದು. ಒಂದು ಸಂಜೆಯಲ್ಲಿ ಸರಿಪಡಿಸಬಹುದು. 66ರಿಂದ ಮೇಲಿನದು ಕಲಿಕೆಯದು. ಅದಕ್ಕೆ ತಿಂಗಳುಗಳು ಬೇಕು. ಈ ಎರಡನ್ನು ಬೆರೆಸಿದಾಗಲೇ ಜನ ತಮಗೆ ಯೋಗ್ಯತೆಯಿಲ್ಲವೆಂದು ಕೈಬಿಡುವುದು, ಅಥವಾ ಇಲ್ಲದ್ದನ್ನು ಇದೆಯೆಂದು ಬರೆಯುವುದು.

ನಾನು ಪಾಲಿಸುವ ಗಡಿ ಹೀಗಿದೆ. ಮನುಷ್ಯನ ಅಂಕ 70 ದಾಟಿದರೆ ಅರ್ಜಿ ಹಾಕುವುದು. 50ಕ್ಕಿಂತ ಕಡಿಮೆಯಿದ್ದರೆ ಬಿಡುವುದು. ನಡುವೆ ಬಂದರೆ, 3ರ ತೂಕದ ಯಾವ ಸಾಲಿನಲ್ಲೂ ಸೊನ್ನೆ ಇಲ್ಲದಿದ್ದರೆ ಮಾತ್ರ ಹಾಕುವುದು. ಇದು ಕೆಲಸ ಸಿಗುವ ಸಂಭವದ ಲೆಕ್ಕವಲ್ಲ. ಎಷ್ಟು ಮಂದಿ ಅರ್ಜಿ ಹಾಕಿದ್ದಾರೆ, ಒಳಗಿನವರಿಗೆ ಪರಿಚಿತರು ಯಾರು ಎಂಬುದನ್ನು ಈ ಕಾಗದ ತಿಳಿಯದು. ಶುಕ್ರವಾರವನ್ನು ಎಲ್ಲಿ ಖರ್ಚು ಮಾಡಬೇಕೆಂಬುದನ್ನಷ್ಟೇ ಇದು ಹೇಳುತ್ತದೆ.

ಲೆಕ್ಕ ತಪ್ಪುವುದು ಸಾಮಾನ್ಯವಾಗಿ ಹೊಂದಿಕೆಯ ಅಂಕದಲ್ಲಿ. ಬೇಕೆನಿಸಿದ ಕೆಲಸಕ್ಕೆ ನಾವು ಅರ್ಧವನ್ನು ಪೂರ್ತಿ ಮಾಡುತ್ತೇವೆ. ಹೆದರಿದಾಗ ಪೂರ್ತಿಯನ್ನು ಅರ್ಧ ಮಾಡುತ್ತೇವೆ. ಅದೇ ಕಸುಬಿನ ಇನ್ನೊಬ್ಬರಿಂದ ಅಂಕ ಹಾಕಿಸಿದರೆ ವ್ಯತ್ಯಾಸ ತಿಳಿಯುತ್ತದೆ. ಜೊತೆಗೆ, ಹಾಕಿದ ಅರ್ಜಿ, ಅಂಕ, ಬಂದ ಕರೆ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. 70 ದಾಟಿದ ಹತ್ತು ಅರ್ಜಿಗಳಿಗೂ ಕರೆ ಬಾರದಿದ್ದರೆ ಸಿ.ವಿ.ಯ ಸಾಲನ್ನು ಮತ್ತೆ ನೋಡಬೇಕು. ಕಡಿಮೆ ಅಂಕದವಕ್ಕೇ ಕರೆ ಬರುತ್ತಿದ್ದರೆ ನಾವು ಕೊಟ್ಟ ತೂಕ ತಪ್ಪು.

ಗೆಳೆಯ ಸಿ.ವಿ. ತಿದ್ದಿ ಅರ್ಜಿ ಹಾಕಿದ. ಚಿಲ್ಲರ್ ಅನುಭವ ಎರಡು ವರ್ಷ ಎಂದೇ ಬರೆದ. ಹತ್ತು ದಿನಗಳಲ್ಲಿ ಸಂದರ್ಶನಕ್ಕೆ ಕರೆ ಬಂತು. ಕೆಲಸ ಬೇರೊಬ್ಬರಿಗೆ ಹೋಯಿತು. ಅವನು ಉತ್ತರಿಸಲಾಗದೆ ನಿಂತದ್ದು ಬಿ.ಎಂ.ಎಸ್. ಕುರಿತ ಪ್ರಶ್ನೆಗಳಿಗೆ. ಕಾಗದದಲ್ಲಿ ಸೊನ್ನೆ ಬರೆದಿದ್ದ ಸಾಲದು. ಈಗ ಅವನ ಸಂಜೆಗಳು ಅದನ್ನು ಕಲಿಯುವುದಕ್ಕೆ ಮೀಸಲಾಗಿವೆ. ಶುಕ್ರವಾರಕ್ಕೆ ಒಂದೇ ಅರ್ಜಿ.