ಆಯತ ಛೇದದ ತೊಲೆಯ ದ್ವಿತೀಯ ಭ್ರಾಮಕ

ಆಯತಾಕಾರದ ಛೇದವುಳ್ಳ ತೊಲೆಯೊಂದು ಹೊರೆಯನ್ನು ಹೊತ್ತು ಬಾಗುವಾಗ, ಆ ಬಾಗುವಿಕೆಗೆ ಎದುರಾಗಿ ನಿಲ್ಲುವ ಗುಣದಲ್ಲಿ ಛೇದದ ಆಕಾರಕ್ಕೆ ಸಲ್ಲುವ ಪಾಲೆಷ್ಟೆಂಬುದನ್ನು ಅಳೆಯುವ ರಾಶಿಗೆ ಕ್ಷೇತ್ರಫಲದ ದ್ವಿತೀಯ ಭ್ರಾಮಕವೆಂದು ಹೆಸರು. ಎಂಜಿನಿಯರುಗಳ ಬಾಯಲ್ಲಿ ಇದು ‘ಮೊಮೆಂಟ್ ಆಫ್ ಇನರ್ಷಿಯ’. ಛೇದದ ಅಗಲವನ್ನು b ಎಂದೂ ಎತ್ತರವನ್ನು d ಎಂದೂ ಕರೆದರೆ, ಕ್ಷೇತ್ರಕೇಂದ್ರದ ಮೂಲಕ ಅಗಲಕ್ಕೆ ಸಮಾಂತರವಾಗಿ ಹಾಯುವ ಅಕ್ಷದ ಸುತ್ತ ಇದರ ಬೆಲೆ:

I = bd³/12

ಛೇದವನ್ನು ಅಕ್ಷಕ್ಕೆ ಸಮಾಂತರವಾದ ತೆಳುಪಟ್ಟಿಗಳಾಗಿ ವಿಭಾಗಿಸಿ, ಪ್ರತಿಯೊಂದು ಪಟ್ಟಿಯ ಕ್ಷೇತ್ರಫಲವನ್ನು ಅಕ್ಷದಿಂದ ಅದಕ್ಕಿರುವ ದೂರದ ವರ್ಗದಿಂದ ಗುಣಿಸಿ, ಬಂದುದನ್ನೆಲ್ಲ ಕೂಡಿಸಿದರೆ ಈ ಬೆಲೆ ದೊರಕುವುದು. ದೂರವು ಇಲ್ಲಿ ಎರಡು ಸಲ ಬರುವುದಕ್ಕೆ ಕಾರಣವುಂಟು. ಅಕ್ಷದಿಂದ ದೂರ ಸರಿದಷ್ಟೂ ಎಳೆಗಳು ಹೆಚ್ಚು ಹಿಗ್ಗುವುದರಿಂದ ಅಥವಾ ಕುಗ್ಗುವುದರಿಂದ ಅವು ಒಡ್ಡುವ ಬಲ ಹೆಚ್ಚುವುದು ಮೊದಲನೆಯದು. ಆ ಬಲ ಕೆಲಸಮಾಡುವ ಸನ್ನೆಯ ತೋಳು ಅದೇ ದೂರದಷ್ಟು ಉದ್ದವಾಗಿರುವುದು ಎರಡನೆಯದು. ಲೆಕ್ಕ ಇಷ್ಟು ಸರಳವಾಗಿದ್ದರೂ, ಅಕ್ಷವನ್ನು ಎಲ್ಲಿ ಇಡಬೇಕೆಂಬ ಪ್ರಶ್ನೆ ಯೂರೋಪಿನ ಪಂಡಿತರನ್ನು 1638ರಿಂದ 1826ರವರೆಗೆ ಕಾಡಿತು. ಸೂತ್ರದಲ್ಲಿರುವ 12 ಎಂಬ ಅಂಕೆಯ ಇತಿಹಾಸವೆಂದರೆ ಆ ಅಕ್ಷವನ್ನು ಹುಡುಕಿದ ಇತಿಹಾಸವೇ ಆಗಿದೆ.

ಗೆಲಿಲಿಯೊ. ಇಟಲಿಯ ಆರ್ಚೆಟ್ರಿಯಲ್ಲಿ ಗೃಹಬಂಧನದಲ್ಲಿದ್ದ ಗೆಲಿಲಿಯೊ, 1638ರಲ್ಲಿ ಹಾಲೆಂಡಿನ ಲೈಡನ್ ನಗರದಲ್ಲಿ ಅಚ್ಚಾದ ತನ್ನ ‘ಎರಡು ನೂತನ ವಿಜ್ಞಾನಗಳು’ ಎಂಬ ಸಂವಾದಗ್ರಂಥದಲ್ಲಿ, ಒಂದು ತುದಿಯನ್ನು ಗೋಡೆಯಲ್ಲಿ ಹುಗಿದು ಇನ್ನೊಂದು ತುದಿಗೆ ಭಾರವನ್ನು ತೂಗಬಿಟ್ಟ ತೊಲೆಯನ್ನು ವಿಚಾರಕ್ಕೆ ಎತ್ತಿಕೊಂಡನು. ಮುರಿಯುವ ಹೊತ್ತಿನಲ್ಲಿ ತೊಲೆಯು ತನ್ನ ಕೆಳ ಅಂಚಿನ ಮೇಲೆ ತಿರುಗುತ್ತದೆಂದೂ, ಛೇದದ ಸಮಸ್ತ ಎಳೆಗಳೂ ಏಕರೀತಿಯ ಎಳೆತದಿಂದ ಅದನ್ನು ತಡೆಯುತ್ತವೆಂದೂ ಅವನು ಊಹಿಸಿದನು. ಒಂದು ಚದರ ಮಾನಕ್ಕೆ ಎಳೆಗಳು ತಾಳುವ ಪರಮಾವಧಿ ಬಲವನ್ನು, ಅಂದರೆ ಪೀಡನವನ್ನು, f ಎಂದು ಕರೆದರೆ, ಈ ಊಹೆಯಂತೆ ತೊಲೆಯ ಪ್ರತಿರೋಧ fbd²/2 ಆಗುತ್ತದೆ. ಪ್ರಮಾಣ ಸರಿಯಾಗಿತ್ತು: ಅಗಲಕ್ಕಿಂತ ಎತ್ತರಕ್ಕೆ ಪ್ರಾಧಾನ್ಯವೆಂಬುದನ್ನೂ, ಪಟ್ಟಿಯೊಂದನ್ನು ಮಲಗಿಸಿ ಇಡುವುದಕ್ಕಿಂತ ಅಂಚಿನ ಮೇಲೆ ನಿಲ್ಲಿಸಿದಾಗ ಅದರ ಬಲ ಎಷ್ಟು ಮಡಿ ಹೆಚ್ಚುವುದೆಂಬುದನ್ನೂ ಅವನು ಯಥಾರ್ಥವಾಗಿ ಹೇಳಿದನು. ಆದರೆ ಗುಣಾಂಕ ಇರಬೇಕಾದುದರ ಮೂರರಷ್ಟಾಯಿತು.

ಮಾರಿಯಾಟ್, ಲೈಬ್ನಿಟ್ಸ್. ವರ್ಸೇಲ್ಸ್ ಅರಮನೆಗೆ ನೀರನ್ನು ಒಯ್ಯುವ ಕೊಳವೆಗಳ ಬಲವನ್ನು ಪರೀಕ್ಷಿಸುತ್ತಿದ್ದ ಫ್ರೆಂಚ್ ವಿಜ್ಞಾನಿ ಎಡ್ಮ್ ಮಾರಿಯಾಟ್, ಮರದ ಹಾಗೂ ಗಾಜಿನ ಸಲಾಕೆಗಳು ಗೆಲಿಲಿಯೊ ಹೇಳಿದುದಕ್ಕಿಂತ ಕಡಮೆ ಭಾರಕ್ಕೇ ಮುರಿಯುವುದನ್ನು ಕಂಡನು. ಎಳೆಗಳು ಮುರಿಯುವ ಮುನ್ನ ಹಿಗ್ಗುತ್ತವೆ. ತಿರುಗುವ ಅಂಚಿನ ಬಳಿಯಿರುವುವು ಸ್ವಲ್ಪ, ಮೇಲಂಚಿನವು ಅತ್ಯಧಿಕ. ಆದುದರಿಂದ ಎಳೆತವು ತ್ರಿಕೋನಾಕೃತಿಯಲ್ಲಿ ಹಂಚಿಕೊಂಡಿರಬೇಕು. ಲೈಬ್ನಿಟ್ಸನೂ 1684ರಲ್ಲಿ ಇದೇ ಹಂಚಿಕೆಯನ್ನು ಪ್ರತಿಪಾದಿಸಿದನು. ಪ್ರತಿರೋಧ fbd²/3ಕ್ಕೆ ಇಳಿಯಿತು. ಕೆಳ ಅಂಚಿನ ಸುತ್ತ ಆಯತದ ದ್ವಿತೀಯ ಭ್ರಾಮಕ bd³/3 ಆಗಿರುವುದಷ್ಟೆ. ಅವರ ಲೆಕ್ಕದ ತಿರುಳಿನಲ್ಲಿದ್ದುದು ಆ ರಾಶಿ. ತೊಲೆಯ ಮೇಲರ್ಧ ಹಿಗ್ಗಿ ಕೆಳಗಿನರ್ಧ ಕುಗ್ಗಬಹುದೆಂಬ ಸತ್ಯವೂ ಮಾರಿಯಾಟನಿಗೆ ಹೊಳೆದಿತ್ತು. ಆದರೆ ಅದನ್ನು ಲೆಕ್ಕಕ್ಕಿಳಿಸುವಾಗ ಎಡವಿ, ಅಕ್ಷವು ನಡುವೆ ಇದ್ದರೂ ಅಂಚಿನಲ್ಲಿದ್ದರೂ ಫಲವೊಂದೇ ಎಂದು ಅವನು ತೀರ್ಮಾನಿಸಿದನು. ಅವನು ತೀರಿಕೊಂಡ ಎರಡು ವರ್ಷಗಳ ಮೇಲೆ, 1686ರಲ್ಲಿ, ಗ್ರಂಥವು ಆ ತಪ್ಪಿನೊಡನೆಯೇ ಪ್ರಕಟವಾಯಿತು.

ಪಾರೆಂಟ್. ಅಕ್ಷದ ಸ್ಥಾನ ಉದಾಸೀನದ ವಿಷಯವಲ್ಲವೆಂದು ಮೊದಲು ಕಂಡವನು ಆಂಟ್ವಾನ್ ಪಾರೆಂಟ್. ಛೇದದ ಒಂದು ಪಾರ್ಶ್ವದಲ್ಲಿ ಎಳೆತವಿದ್ದರೆ, ಅದಕ್ಕೆ ಸರಿಸಮನಾದ ಒತ್ತಡವು ಇನ್ನೊಂದು ಪಾರ್ಶ್ವದಲ್ಲಿರಲೇಬೇಕು. ಇಲ್ಲವಾದರೆ ಛೇದವು ಅಡ್ಡಲಾಗಿ ಸರಿದುಹೋಗಬೇಕಾಗುತ್ತದೆ. ಅಕ್ಷವು ಕೆಳ ಅಂಚಿನಲ್ಲಿದೆಯೆಂದರೆ ಆ ಒತ್ತಡವಷ್ಟನ್ನೂ ವಿಸ್ತೀರ್ಣವೇ ಇಲ್ಲದ ಒಂದು ರೇಖೆ ಹೊರಬೇಕಾಗುವುದು, ಅದು ಆಗದ ಮಾತು. ಅಕ್ಷವನ್ನು ನಡುವೆ ಇರಿಸಿದರೆ ಎರಡು ಅರ್ಧಗಳಲ್ಲಿಯೂ fbd/4ರಷ್ಟು ಬಲವಿದ್ದು, ಆ ಎರಡು ಬಲಗಳ ನಡುವಣ ಅಂತರ 2d/3 ಆಗುತ್ತದೆ. ಒಂದನ್ನೊಂದರಿಂದ ಗುಣಿಸಿದರೆ ಪ್ರತಿರೋಧ fbd²/6. ಇದೇ ಸರಿಯಾದ ಬೆಲೆ. ಪಾರೆಂಟ್ ಇದನ್ನು 1713ರಲ್ಲಿ ಪ್ರಕಟಿಸಿದನು. ಆದರೆ ಆ ಪ್ರಬಂಧಗಳು ಪ್ಯಾರಿಸ್ಸಿನ ವಿಜ್ಞಾನ ಅಕಾಡೆಮಿಯ ಸಂಪುಟಗಳಲ್ಲಿ ಬಾರದೆ, ಅಚ್ಚಿನ ದೋಷಗಳಿಂದ ತುಂಬಿದ್ದ ಅವನ ಸ್ವಂತ ಸಂಕಲನದಲ್ಲಿ ಬಂದವು. ಅವನ ಶೈಲಿಯೂ ಕ್ಲಿಷ್ಟವಾಗಿದ್ದುದರಿಂದ ಅವನ್ನು ಓದಿದವರು ವಿರಳ.

ದುಂಡು ದಿಮ್ಮಿಯಿಂದ ಅತ್ಯಂತ ಬಲವುಳ್ಳ ತೊಲೆಯನ್ನು ಕೊಯ್ಯುವ ಬಗೆಯನ್ನೂ ಪಾರೆಂಟ್ ತೋರಿಸಿದ್ದನು. ದಿಮ್ಮಿಯ ವ್ಯಾಸವನ್ನು ಮೂರು ಸಮಭಾಗ ಮಾಡಿ, ಎರಡು ವಿಭಾಗಬಿಂದುಗಳಿಂದ ವ್ಯಾಸದ ಎದುರು ಪಾರ್ಶ್ವಗಳಿಗೆ ಲಂಬಗಳನ್ನೆಳೆದು, ಅವು ಸುತ್ತಳತೆಯನ್ನು ಮುಟ್ಟುವೆಡೆಗಳನ್ನು ವ್ಯಾಸದ ಕೊನೆಗಳೊಡನೆ ಸೇರಿಸಿದರೆ ಬೇಕಾದ ಆಯತ ದೊರೆಯುತ್ತದೆ. 30 ಸೆಂಟಿಮೀಟರ್ ವ್ಯಾಸದ ದಿಮ್ಮಿಗೆ ಇದರ ಅಗಲ ಸುಮಾರು 17.3, ಎತ್ತರ ಸುಮಾರು 24.5 ಸೆಂಟಿಮೀಟರ್. ಇದು bd² ಎಂಬುದನ್ನು ಪರಮಾವಧಿಗೆ ಒಯ್ಯುವ ಛೇದ. ಮುರಿಯದಿರುವುದಕ್ಕಿಂತ ಜೋಲದಿರುವುದೇ ಮುಖ್ಯವೆಂದಾದರೆ bd³ ಪರಮಾವಧಿಯಾಗಬೇಕು. ಆಗ ಅಗಲ 15, ಎತ್ತರ ಸುಮಾರು 26 ಸೆಂಟಿಮೀಟರ್ ಆಗುತ್ತದೆ.

ಆಯ್ಲರ್, ಕೂಲಂಬ್. ಬಲಕ್ಕೆ ವರ್ಗ, ದೃಢತೆಗೆ ಘನ ಎಂಬ ಈ ಭೇದವು ಮಹಾಗಣಿತಜ್ಞರಿಗೂ ಬೇಗನೆ ಕೈಗೆ ಹತ್ತಲಿಲ್ಲ. ಬಾಗಿದ ಸಲಾಕೆಯ ವಕ್ರತೆಯು ಭ್ರಾಮಕಕ್ಕೆ ಅನುಪಾತದಲ್ಲಿರುತ್ತದೆಂಬ ಜೇಕಬ್ ಬರ್ನೌಲಿಯ ತತ್ತ್ವವನ್ನು ಹಿಡಿದು, 1744ರಲ್ಲಿ ಸ್ಥಿತಿಸ್ಥಾಪಕ ವಕ್ರರೇಖೆಗಳನ್ನೆಲ್ಲ ವಿಂಗಡಿಸಿದ ಆಯ್ಲರನು, ಆಯತದ ತೊಲೆಯ ದೃಢತೆ ಎತ್ತರದ ವರ್ಗದಂತೆ ಹೆಚ್ಚುವುದೆಂದು ಬರೆದನು. ವಾಸ್ತವದಲ್ಲಿ ಅದು ಘನದಂತೆ ಹೆಚ್ಚುತ್ತದೆ. ಒಂದೇ ವಕ್ರತೆಗೆ ಬಾಗಿಸಿದ ಎರಡು ತೊಲೆಗಳಲ್ಲಿ ಎತ್ತರವಾದುದರ ಹೊರ ಎಳೆಗಳು ಹೆಚ್ಚು ಹಿಗ್ಗಬೇಕಾಗುವುದು: ವಕ್ರತೆಯನ್ನು k, ಯಂಗ್ ಗುಣಾಂಕವನ್ನು E ಎಂದರೆ f = Ekd/2. ಇದನ್ನು fbd²/6ರಲ್ಲಿ ಇರಿಸಿದರೆ Ekbd³/12 ಬರುವುದು. ಆರನ್ನು ಹನ್ನೆರಡಾಗಿಸಿದ ಎರಡು, ಅಕ್ಷವು ಅಂಚಿನಿಂದ ಎತ್ತರದ ಅರ್ಧದಷ್ಟು ದೂರದಲ್ಲಿರುವುದರಿಂದ ಬಂದುದು.

ಸೈನ್ಯದ ಎಂಜಿನಿಯರಾಗಿ ಮಾರ್ಟಿನೀಕ್ ದ್ವೀಪದಲ್ಲಿ ಕೋಟೆಯ ಕೆಲಸ ಮಾಡಿಸಿ ಹಿಂದಿರುಗಿದ ಕೂಲಂಬನು 1773ರಲ್ಲಿ ಅಕಾಡೆಮಿಗೆ ಒಪ್ಪಿಸಿದ, 1776ರಲ್ಲಿ ಅಚ್ಚಾದ ಪ್ರಬಂಧದಲ್ಲಿ ಛೇದದ ಮೇಲಣ ಬಲಗಳ ಸಮತೋಲನವನ್ನು ನಿಷ್ಕೃಷ್ಟವಾಗಿ ಬರೆದು, ಪಾರೆಂಟನ ಫಲವನ್ನೇ ಸ್ಪಷ್ಟತರವಾಗಿ ಸಾಧಿಸಿದನು. ಅದಕ್ಕೂ ನಲವತ್ತು ವರ್ಷಗಳಿಗಿಂತ ಹೆಚ್ಚುಕಾಲ ಸಲ್ಲಬೇಕಾದ ಗಮನ ಸಲ್ಲಲಿಲ್ಲ.

ನ್ಯಾವಿಯೇ. ವಿಷಯವನ್ನು ಇತ್ಯರ್ಥಗೊಳಿಸಿದ ಕ್ಲಾಡ್ ಲೂಯಿ ನ್ಯಾವಿಯೇ ಸಹ ಎರಡು ತಪ್ಪುಗಳನ್ನು ದಾಟಿ ಬಂದವನು. 1813ರಲ್ಲಿ ಹಳೆಯ ಗ್ರಂಥವೊಂದನ್ನು ಪರಿಷ್ಕರಿಸುವಾಗ ಅವನು ಮಾರಿಯಾಟನಂತೆಯೇ ಅಕ್ಷವನ್ನು ಅಂಚಿನಲ್ಲಿಟ್ಟನು. 1819ರ ಉಪನ್ಯಾಸಗಳಲ್ಲಿ, ಎಳೆತದ ಭ್ರಾಮಕವೂ ಒತ್ತಡದ ಭ್ರಾಮಕವೂ ಸಮವಾಗುವಲ್ಲಿ ಅಕ್ಷವಿರುತ್ತದೆಂದು ಭಾವಿಸಿದನು. ಸಮವಾಗಬೇಕಾದುವು ಬಲಗಳು, ಭ್ರಾಮಕಗಳಲ್ಲ. ಆದರೆ ಆಯತವು ನಡುಗೆರೆಯ ಎರಡು ಕಡೆಗೂ ಒಂದೇ ರೂಪವಾಗಿರುವುದರಿಂದ, ತಪ್ಪು ನಿಯಮವೂ ಸರಿಯಾದ ನಿಯಮವೂ ಅದರಲ್ಲಿ ಅಕ್ಷವನ್ನು ನಟ್ಟನಡುವಿಗೇ ತರುತ್ತವೆ; ಟಿ ಆಕಾರದಂಥ ಛೇದವನ್ನು ತೆಗೆದುಕೊಂಡಾಗಲೇ ಎರಡೂ ಬೇರೆಬೇರೆ ಸ್ಥಾನಗಳನ್ನು ತೋರಿಸುವುವು. ಹೀಗೆ ಆಯತದ ಸರಳತೆಯೇ ದೋಷಕ್ಕೆ ಮರೆಯಾಗಿತ್ತು. 1826ರಲ್ಲಿ ಪ್ರಕಟವಾದ ತನ್ನ ಉಪನ್ಯಾಸಗ್ರಂಥದಲ್ಲಿ ನ್ಯಾವಿಯೇ ಇದನ್ನು ತಿದ್ದಿ, ಒಂದೇ ದ್ರವ್ಯದಿಂದಾದ ಸ್ಥಿತಿಸ್ಥಾಪಕ ತೊಲೆಯ ತಟಸ್ಥ ಅಕ್ಷವು ಯಾವ ಛೇದದಲ್ಲಾದರೂ ಕ್ಷೇತ್ರಕೇಂದ್ರದ ಮೂಲಕವೇ ಹಾಯುವುದೆಂದು ಸಿದ್ಧಪಡಿಸಿದನು. ಅಂಚಿನ ಸುತ್ತಣ bd³/3ರಿಂದ, ಕ್ಷೇತ್ರಫಲವನ್ನು ಅಕ್ಷಾಂತರದ ವರ್ಗದಿಂದ ಗುಣಿಸಿದಾಗ ಬರುವ bd³/4ನ್ನು ಕಳೆದರೆ ಉಳಿಯುವುದು bd³/12. ತಿರುಗುವ ಕಾಯಗಳಿಗಾಗಿ ಆಯ್ಲರನು 1765ರಲ್ಲಿ ಬಳಸಿದ್ದ ‘ಜಡತ್ವದ ಭ್ರಾಮಕ’ವೆಂಬ ಹೆಸರು, ಗಣಿತದ ರೂಪ ಒಂದೇ ಆಗಿರುವುದರಿಂದ, ತೂಕವೂ ತಿರುಗುವಿಕೆಯೂ ಇಲ್ಲದ ಈ ರಾಶಿಗೂ ಅಂಟಿಕೊಂಡಿತು.

ಒಂದು ನಿದರ್ಶನ. ಅಗಲ 10, ಎತ್ತರ 20 ಸೆಂಟಿಮೀಟರುಳ್ಳ ಮರದ ತೊಲೆಯನ್ನು ಗೋಡೆಯಲ್ಲಿ ಹುಗಿದು 2 ಮೀಟರ್ ಹೊರಚಾಚಿಸಿದೆಯೆಂದೂ, ಅದರ ಎಳೆಗಳು ಚದರ ಸೆಂಟಿಮೀಟರಿಗೆ 100 ಕಿಲೋಗ್ರಾಮಿನಷ್ಟು ತಾಳುವುವೆಂದೂ ಇಟ್ಟುಕೊಳ್ಳೋಣ. ತೊಲೆಯ ಸ್ವಂತ ತೂಕವನ್ನು ಬಿಟ್ಟರೆ, ತುದಿಯಲ್ಲಿ ಹೊರಬಲ್ಲ ಭಾರವು ಗೆಲಿಲಿಯೊವಿನ ಲೆಕ್ಕದಂತೆ 1000 ಕಿಲೋಗ್ರಾಂ, ಲೈಬ್ನಿಟ್ಸನ ಲೆಕ್ಕದಂತೆ ಸುಮಾರು 667, ಪಾರೆಂಟನ ಲೆಕ್ಕದಂತೆ ಸುಮಾರು 333. ಇದರ ದ್ವಿತೀಯ ಭ್ರಾಮಕ 10 × 20³/12, ಅಂದರೆ ಸುಮಾರು 6667 ಸೆಂ.ಮೀ.⁴. ಅದೇ ತೊಲೆಯನ್ನು ಮಲಗಿಸಿಟ್ಟರೆ 20 × 10³/12, ಅಂದರೆ ಸುಮಾರು 1667. ಹೀಗೆ ಮಲಗಿಸಿದ ತೊಲೆಯ ಬಲ ಅರ್ಧಕ್ಕಿಳಿದರೆ, ಅದೇ ಭಾರಕ್ಕೆ ತುದಿಯ ಜೋಲು ನಾಲ್ಮಡಿಯಾಗುವುದು.

ಮಿತಿಗಳು. ಬಾಗುವ ಮುನ್ನ ಸಮತಲವಾಗಿದ್ದ ಛೇದವು ಬಾಗಿದ ಮೇಲೂ ಸಮತಲವಾಗಿ ಉಳಿದು, ಇಡೀ ಛೇದವು ಒಂದಾಗಿ ವರ್ತಿಸಿದಾಗ ಮಾತ್ರ ಸೂತ್ರಕ್ಕೆ ಅರ್ಥವುಂಟು. 10 ಸೆಂಟಿಮೀಟರಿನ ಎರಡು ಚೌಕ ತೊಲೆಗಳನ್ನು ಒಂದರ ಮೇಲೊಂದನ್ನು ಬರಿದೆ ಪೇರಿಸಿದರೆ, ಹೊರನೋಟಕ್ಕೆ ಮೇಲಿನ ನಿದರ್ಶನದ ಛೇದವೇ ಆದರೂ, ದೊರೆಯುವುದು 6667 ಅಲ್ಲ. ಪ್ರತಿಯೊಂದೂ ತನ್ನ ಅಕ್ಷದ ಸುತ್ತ ಪ್ರತ್ಯೇಕವಾಗಿ ಬಾಗುವುದರಿಂದ ಮೊತ್ತ 1667ರಷ್ಟೇ ಆಗುತ್ತದೆ. ಹೊರೆ ಹೊರಿಸಿದಾಗ ಎರಡರ ಕೊನೆಗಳು ಒಂದರ ಮೇಲೊಂದು ಜಾರಿ ಮೆಟ್ಟಿಲಿನಂತೆ ತೋರುವುದೇ ಇದರ ಗುರುತು. ಹಾಗೆಯೇ ಕಬ್ಬಿಣ ಹುದುಗಿಸಿದ ಕಾಂಕ್ರೀಟಿನ ತೊಲೆಯಲ್ಲಿ ಎಳೆತದ ಪಾರ್ಶ್ವದ ಕಾಂಕ್ರೀಟು ಬಿರುಕು ಬಿಟ್ಟೊಡನೆ ತಟಸ್ಥ ಅಕ್ಷವು ಒತ್ತಡದ ಪಾರ್ಶ್ವಕ್ಕೆ ಸರಿಯುವುದು. ಅಲ್ಲಿಂದ ಮುಂದೆ bd³/12 ಎಂಬುದು ನಿಜಕ್ಕಿಂತ ಹೆಚ್ಚಿನ ದೃಢತೆಯನ್ನು ತೋರಿಸುವುದರಿಂದ, ಬಿರುಕು ಬಿಟ್ಟ ಛೇದದ ಭ್ರಾಮಕವನ್ನು ಬೇರೆಯಾಗಿ ಎಣಿಸಿಕೊಳ್ಳಬೇಕಾಗುತ್ತದೆ.