ಸಂಬಳದ ವಜಾ ಮತ್ತು ಕಾಯಿದೆಯ ಮೇರೆ: ಚಳ್ಳಕೆರೆ, ಮೊಳಕಾಲ್ಮೂರುಗಳ ನಿದರ್ಶನ

ಚಿತ್ರದುರ್ಗ ಜಿಲ್ಲೆಯ ನೆರೆಹೊರೆಯ ತಾಲ್ಲೂಕುಗಳಾದ ಚಳ್ಳಕೆರೆ ಮತ್ತು ಮೊಳಕಾಲ್ಮೂರುಗಳಲ್ಲಿ ಒಂದು ಊರು ಎಣ್ಣೆಯ ಗಿರಣಿಗಳಿಗೂ, ಮತ್ತೊಂದು ರೇಷ್ಮೆಯ ಸೀರೆಗಳಿಗೂ ಹೆಸರಾದುದು. ಎರಡೆಡೆಗಳಲ್ಲಿಯೂ ದುಡಿಯುವವನ ಕೂಲಿಯಲ್ಲಿ ಧಣಿಯು ಏನಾದರೊಂದು ಕಾರಣದಿಂದ ಹಣ ಮುರಿದುಕೊಳ್ಳುವುದುಂಟು. ಆದರೆ ಕಾಯಿದೆಯ ದೃಷ್ಟಿಯಲ್ಲಿ ಈ ಎರಡು ವಜಾಗಳು ಒಂದೇ ಅಲ್ಲ. ಅದೇಕೆಂಬುದನ್ನು ಇಲ್ಲಿ ಪರಿಶೀಲಿಸಬೇಕಾಗಿದೆ.

ಇದರ ಮೂಲವನ್ನು ಅರಸುವವರು 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿಯಿತ್ತ ವ್ಹಿಟ್ಲಿ ಆಯೋಗದ ಬಳಿಗೆ ಹೋಗಬೇಕು. ಜುಲ್ಮಾನೆಯು ಕೂಲಿಯ ರೂಪಾಯಿಗೆ ಅರ್ಧ ಆಣೆಯನ್ನು ಮೀರಬಾರದೆಂದು ಅದು ಸಲಹೆ ಮಾಡಿತು. ಅರ್ಧ ಆಣೆಯೆಂದರೆ ರೂಪಾಯಿಯ ಮೂವತ್ತೆರಡನೆಯ ಒಂದು ಭಾಗ. 32 ರೂಪಾಯಿ ಸಂಬಳದವನಿಗೆ ತಿಂಗಳಿಗೆ ಒಂದು ರೂಪಾಯಿ. 1936ರ ವೇತನ ಪಾವತಿ ಕಾಯಿದೆಯು ಈ ಮಿತಿಯನ್ನೇ ಅಂಗೀಕರಿಸಿತು. ಆ ಕಾಯಿದೆ ಬ್ರಿಟಿಷ್ ಇಂಡಿಯಕ್ಕೆ ಮಾತ್ರ ಅನ್ವಯಿಸುತ್ತಿದ್ದುದರಿಂದ, ಮದ್ರಾಸು ಆಧಿಪತ್ಯದಲ್ಲಿದ್ದ ರಾಯದುರ್ಗದ ಕಾರ್ಖಾನೆಯ ಕೂಲಿಗಾರನಿಗೆ ದೊರೆತ ಈ ಆಸರೆ, ಗಡಿಯ ಈಚೆ ಮೈಸೂರು ಸಂಸ್ಥಾನದಲ್ಲಿದ್ದ ಮೊಳಕಾಲ್ಮೂರು, ಚಳ್ಳಕೆರೆಗಳಿಗೆ ಅದರಿಂದ ದೊರೆಯಲಿಲ್ಲ. 1951ರಲ್ಲಿ ಅದು ಇತ್ತ ವಿಸ್ತರಿಸಿತು. ಅರ್ಧ ಆಣೆ ಕ್ರಮೇಣ ನೂರಕ್ಕೆ ಮೂರಾಯಿತು. 2025ರ ನವೆಂಬರ್ 21ರಿಂದ 1936ರ ಕಾಯಿದೆಯ ಸ್ಥಾನದಲ್ಲಿ 2019ರ ವೇತನ ಸಂಹಿತೆ ಜಾರಿಯಲ್ಲಿದ್ದು, ಮಿತಿಗಳು ಬಹುಮಟ್ಟಿಗೆ ಹಾಗೆಯೇ ಉಳಿದಿವೆ.

ಜುಲ್ಮಾನೆಗೂ ನಷ್ಟದ ವಸೂಲಿಗೂ ಇರುವ ಅಂತರವೇ ಈ ಶಾಸನದ ತಿರುಳು. ಜುಲ್ಮಾನೆಯ ಹಣ ಧಣಿಯ ಚೀಲಕ್ಕೆ ಸೇರಕೂಡದು. ಅದನ್ನು ಕೆಲಸಗಾರರ ಹಿತಕ್ಕೇ ವೆಚ್ಚಮಾಡಬೇಕು. ನಷ್ಟವಾದರೋ ಧಣಿಗೇ ಸಲ್ಲುವುದು. ಅದಕ್ಕೆ ನೂರಕ್ಕೆ ಮೂರರ ಕಟ್ಟೂ ಇಲ್ಲ. ನಿಜವಾಗಿ ಆದ ಹಾನಿಯೇ ಅದರ ಮೇರೆ. ಹೀಗಿರುವಾಗ ಜುಲ್ಮಾನೆಗೆ ನಷ್ಟವೆಂಬ ಹೆಸರಿಡುವ ಆಸೆ ಹುಟ್ಟುವುದು ಸಹಜವೇ. ಇದನ್ನು ತಡೆಯಲೆಂದೇ, ವಸ್ತುವನ್ನು ಆ ಕೆಲಸಗಾರನ ವಶಕ್ಕೆ ಸ್ಪಷ್ಟವಾಗಿ ಒಪ್ಪಿಸಿರಬೇಕು, ಹಾನಿಯು ನೇರವಾಗಿ ಅವನ ಅಲಕ್ಷ್ಯದಿಂದಲೇ ಆಗಿರಬೇಕು, ಅವನ ಸಮಜಾಯಿಷಿಯನ್ನು ಕೇಳಿರಬೇಕು ಎಂದು ವಿಧಿಸಿದೆ. ಎಣ್ಣೆ ಗಿರಣಿಯ ಉಗ್ರಾಣದಲ್ಲಿ ಶೇಂಗಾ ಒಣಗಿದಂತೆ ಅದರ ತೂಕ ಇಳಿಯುವುದು ಯಾರ ತಪ್ಪೂ ಅಲ್ಲ; ಅದನ್ನು ಉಗ್ರಾಣದವನ ಲೆಕ್ಕಕ್ಕೆ ಬರೆಯುವುದು ಕಾಯಿದೆಗೆ ಸಮ್ಮತವಲ್ಲ. ದಾಖಲೆಯ ಪುಸ್ತಕವನ್ನು ಓದುವವರಿಗೆ ಒಂದು ಸುಳಿವುಂಟು: ಹಲವರ ಹೆಸರಿನ ಮುಂದೆ ಒಂದೇ ದುಂಡು ಮೊತ್ತದ 'ನಷ್ಟ' ಕಂಡುಬಂದರೆ ಅದು ಬಹುಶಃ ವೇಷ ಮರೆಸಿದ ಜುಲ್ಮಾನೆಯೇ.

ಒಂದು ಕಲ್ಪಿತ ಲೆಕ್ಕವನ್ನು ನೋಡಬಹುದು. ಗಿರಣಿಯೊಂದರಲ್ಲಿ ತಿಂಗಳಿಗೆ 12,000 ರೂಪಾಯಿ ಪಡೆಯುವ ಉಗ್ರಾಣದವನಿಗೆ ಧಣಿಯು 500 ರೂಪಾಯಿ ಜುಲ್ಮಾನೆ, ಸೋರಿಹೋದ ಎಣ್ಣೆಗೆ 900, ಹಿಂದೆ ಕೊಟ್ಟ ಮುಂಗಡಕ್ಕೆ 6,000 ಎಂದು ಒಟ್ಟು 7,400 ರೂಪಾಯಿ ಹಿಡಿಯುತ್ತಾನೆನ್ನೋಣ. ಜುಲ್ಮಾನೆ 360ನ್ನು ಮೀರಲಾರದು. ಉಳಿದ 140ನ್ನು ಮುಂದಿನ ತಿಂಗಳು ಕಂತಾಗಿಯೂ ಹಿಡಿಯುವಂತಿಲ್ಲ. ಎಣ್ಣೆಯ 900 ಅವನ ಅಲಕ್ಷ್ಯ ಸಿದ್ಧವಾದರೆ ಮಾತ್ರ. ಎಲ್ಲ ವಜಾಗಳೂ ಕೂಡಿ ಸಂಬಳದ ಅರ್ಧವನ್ನು, ಎಂದರೆ 6,000ವನ್ನು, ದಾಟಬಾರದಾದುದರಿಂದ ಮುಂಗಡಕ್ಕೆ ಆ ತಿಂಗಳು ಉಳಿಯುವುದು 4,740 ಮಾತ್ರ.

ಈಗ ಮೊಳಕಾಲ್ಮೂರಿನ ಗುಂಡಿಮಗ್ಗದತ್ತ ತಿರುಗೋಣ. ಧಣಿ ರೇಷ್ಮೆಯನ್ನೂ ಜರಿಯನ್ನೂ ಕೊಟ್ಟು ಸೀರೆಗಿಷ್ಟೆಂದು ಕೂಲಿ ಗೊತ್ತುಮಾಡುವ ಪದ್ಧತಿಯಲ್ಲಿ ಮಗ್ಗವು ನೇಕಾರನ ಮನೆಯಲ್ಲೇ ಇರುತ್ತದೆ. ಕಲೆಯಾದ ಸೆರಗಿಗೂ ತಪ್ಪಿದ ಹೊಕ್ಕಿಗೂ ಕೂಲಿಯಲ್ಲಿ ಕಡಿತ. ಮದುವೆಗೋ ಕಾಯಿಲೆಗೋ ಪಡೆದ ಮುಂಗಡಕ್ಕೆ ಸೀರೆಯೊಂದಕ್ಕಿಷ್ಟೆಂದು ಜಮೆ. ಅವನು ಕಾರ್ಖಾನೆಯ ಆಳಲ್ಲ. ಅವನಿಗೆ ಸಂಬಳವೂ ಇಲ್ಲ, ಧಣಿಯು ಸಲ್ಲಿಸುವುದು ಕ್ರಯವೇ ಹೊರತು ವೇತನವಲ್ಲವೆಂಬ ವಾದಕ್ಕೆ ಎಡೆಯುಂಟು. ಆ ವಾದ ನಿಂತರೆ ನೂರಕ್ಕೆ ಮೂರೂ ಇಲ್ಲ, ಅರ್ಧದ ಕಟ್ಟೂ ಇಲ್ಲ. ನೂಲು ಯಾರದು, ಕೆಲಸವನ್ನು ಹತೋಟಿಯಲ್ಲಿಡುವವರು ಯಾರು, ನೆಯ್ದುದನ್ನು ತಿರಸ್ಕರಿಸುವ ಅಧಿಕಾರ ಯಾರಿಗೆ ಎಂಬಂಥ ಪ್ರಶ್ನೆಗಳಿಂದಲೇ ಇದು ತೀರ್ಮಾನವಾಗಬೇಕು. 1973ರಲ್ಲಿ ಸಿಲ್ವರ್ ಜ್ಯೂಬಿಲಿ ಟೈಲರಿಂಗ್ ಹೌಸ್ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಬಟ್ಟೆಗಿಷ್ಟೆಂದು ಕೂಲಿ ಪಡೆಯುವ ದರ್ಜಿಗಳೂ ಅಂಗಡಿಯ ನೌಕರರೇ ಎಂದಾಗ ಈ ತಿರಸ್ಕಾರದ ಅಧಿಕಾರವನ್ನು ಗಣನೆಗೆ ತೆಗೆದುಕೊಂಡಿತ್ತು. ಆದರೆ ಆ ದರ್ಜಿಗಳು ಕೆಲಸ ಮಾಡುತ್ತಿದ್ದುದು ಅಂಗಡಿಯಲ್ಲಿ, ಅಂಗಡಿಯವರದೇ ಯಂತ್ರಗಳಲ್ಲಿ. ಮನೆಯ ಮಗ್ಗಕ್ಕೆ ಆ ತೀರ್ಪನ್ನು ಹಾಗೆಯೇ ಹಚ್ಚಲಾಗದು.

ಮುಂಗಡದ ವಿಷಯದಲ್ಲಿ ಮಾತ್ರ ನೇಕಾರನಿಗೆ ಮತ್ತೊಂದು ಆಸರೆಯಿದೆ. ಸಾಲವಿರುವುದರಿಂದಲೇ ಬೇರೆ ಧಣಿಗೆ ನೆಯ್ಯುವ ಸ್ವಾತಂತ್ರ್ಯವನ್ನು ಅವನು ಕಳೆದುಕೊಂಡಿದ್ದರೆ, ಅದು 1976ರ ಜೀತಪದ್ಧತಿ ನಿರ್ಮೂಲನ ಕಾಯಿದೆಯ ವ್ಯಾಪ್ತಿಗೆ ಬರಬಲ್ಲುದು. ಆಗ ಆ ಸಾಲವನ್ನು ತೀರಿಸುವ ಹೊಣೆಯೇ ಅಳಿದುಹೋಗುತ್ತದೆ. ಗಿರಣಿಯ ಕೂಲಿಗಾರನಿಗೆ ಧಣಿಯ ದಾಖಲೆಯ ಪುಸ್ತಕವೇ ಸಾಕ್ಷಿಯಾದರೆ, ನೇಕಾರನು ತನ್ನ ಸಾಲ ಜೀತದ ಸಾಲವೆಂದಾಗ ಅದು ಹಾಗಲ್ಲವೆಂದು ತೋರಿಸುವ ಹೊಣೆ ಸಾಲ ಕೊಟ್ಟ ಧಣಿಯದೇ.